ಹಲ್ಲಿನ ಪಾಚಿ ಬೇರೆ, ಹಲ್ಲಿನ ಗಾರೆ ಬೇರೆ: ನಿಂಬೆ–ಸೋಡಾ ನೊರೆ ನಿಜವಾಗಿ ತೆಗೆಯುವುದು ಏನನ್ನು?

ಅರ್ಧ ಹೋಳು ನಿಂಬೆಹಣ್ಣು, ಒಂದು ಚಮಚ ಅಡುಗೆ ಸೋಡಾ. ಎರಡು ನಿಮಿಷ ಉಜ್ಜಿದರೆ ಹಲ್ಲಿಗೆ ಕಟ್ಟಿದ ಹಳದಿ ಗಾರೆಯೆಲ್ಲ ಕಿತ್ತು ಬರುತ್ತದೆ, ಡೆಂಟಿಸ್ಟ್ ಹತ್ತಿರ ಹೋಗುವ ಅಗತ್ಯವೇ ಇಲ್ಲ ಎನ್ನುವ ವಿಡಿಯೊ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಇದರ ಜೊತೆಗೇ ಓಡಾಡುವ ಇನ್ನೊಂದು ಮಾತಿದೆ: "ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತೆ." ಎರಡೂ ಹುಟ್ಟುವುದು ಒಂದೇ ಗೊಂದಲದಿಂದ. ಪ್ಲಾಕ್ ಮತ್ತು ಕ್ಯಾಲ್ಕ್ಯುಲಸ್ ಎಂಬ ಎರಡು ಬೇರೆ ವಸ್ತುಗಳನ್ನು ನಾವು "ಪಾಚಿ" ಎಂದು ಒಂದೇ ಹೆಸರಿನಿಂದ ಕರೆದುಬಿಡುತ್ತೇವೆ. ದಂತವೈದ್ಯಕೀಯ ಓದುವವರಿಗೆ ಇವೆರಡರ ವ್ಯತ್ಯಾಸ ಪರೀಕ್ಷೆಯ ಮಾಮೂಲಿ ಕಿರುಟಿಪ್ಪಣಿ. ಅದೇ ಟಿಪ್ಪಣಿಯನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತಿದ್ದೇವೆ.

ಬಚ್ಚಲುಕಲ್ಲು ಮತ್ತು ಹಂಡೆ

ಬಚ್ಚಲುಮನೆಯನ್ನೇ ನೋಡಿ. ನಾಲ್ಕು ದಿನ ತೊಳೆಯದಿದ್ದರೆ ಕಲ್ಲಿನ ಮೇಲೆ ಜಾರುವ ಪಾಚಿ ಕಟ್ಟುತ್ತದೆ. ಅದಕ್ಕೆ ಜೀವವಿದೆ, ಬ್ರಷ್ ಹಾಕಿ ಉಜ್ಜಿದರೆ ಹೋಗುತ್ತದೆ. ಬೋರ್‌ವೆಲ್ ನೀರು ಕಾಯಿಸುವ ಹಂಡೆಯ ಒಳಗೆ ಕಟ್ಟುವ ಬಿಳಿ ಪದರದ ಕಥೆ ಬೇರೆ. ಅದು ನೀರಿನಲ್ಲಿದ್ದ ಲವಣ ಗಟ್ಟಿಯಾದದ್ದು, ಎಷ್ಟು ಉಜ್ಜಿದರೂ ಅಲುಗುವುದಿಲ್ಲ, ಕುಟ್ಟಿಯೇ ತೆಗೆಯಬೇಕು. ಪ್ಲಾಕ್ ಮೊದಲನೆಯದರಂತೆ, ಕ್ಯಾಲ್ಕ್ಯುಲಸ್ (ಟಾರ್ಟರ್ ಎಂದರೂ ಇದೇ) ಎರಡನೆಯದರಂತೆ. ಒಂದೇ ವ್ಯತ್ಯಾಸವೆಂದರೆ ಬಾಯಿಯಲ್ಲಿ ಈ ಪಾಚಿಯೇ ಗಾರೆಯಾಗಿ ಬದಲಾಗುತ್ತದೆ.

ಪದರ ಕಟ್ಟುವ ಹಂತಗಳು

ಹಲ್ಲುಜ್ಜಿ ಬಾಯಿ ಮುಕ್ಕಳಿಸಿದ ಕೆಲವೇ ನಿಮಿಷಗಳಲ್ಲಿ ಎಂಜಲಿನಲ್ಲಿರುವ ಪ್ರೋಟೀನುಗಳು ಹಲ್ಲಿನ ಮೇಲೆ ತೆಳುವಾದ ಪೊರೆಯಾಗಿ ಅಂಟಿಕೊಳ್ಳುತ್ತವೆ. ಇದಕ್ಕೆ ಪೆಲಿಕಲ್ ಎಂದು ಹೆಸರು. ಇದು ಕೊಳೆಯಲ್ಲ, ಇದರಲ್ಲಿ ಬ್ಯಾಕ್ಟೀರಿಯಾ ಕೂಡ ಇರುವುದಿಲ್ಲ. ಆದರೆ ಬ್ಯಾಕ್ಟೀರಿಯಾಗಳಿಗೆ ಕೂರಲು ಜಾಗ ಸಿಗುವುದು ಇದರ ಮೇಲೆಯೇ.

ಮುಂದಿನ ಗಂಟೆಗಳಲ್ಲಿ ಮೊದಲ ನೆಲಸಿಗರು ಬರುತ್ತಾರೆ, ಹೆಚ್ಚಾಗಿ ಸ್ಟ್ರೆಪ್ಟೊಕಾಕಸ್ ಜಾತಿಯವು. ಅವು ಸಂಖ್ಯೆಯಲ್ಲಿ ಹೆಚ್ಚುತ್ತ ತಮ್ಮ ಸುತ್ತ ಅಂಟು ಸುರಿಸಿಕೊಳ್ಳುತ್ತವೆ. ಬೆಳಿಗ್ಗೆ ನಾಲಿಗೆಯಿಂದ ಹಲ್ಲು ಮುಟ್ಟಿದಾಗ ಸಿಗುವ ಲೋಳೆ ಲೋಳೆ ಅನುಭವ ಇದೇ. ಹಾಗೇ ಬಿಟ್ಟರೆ ಫ್ಯೂಸೊಬ್ಯಾಕ್ಟೀರಿಯಂ ಎಂಬ ಉದ್ದನೆಯ ಬ್ಯಾಕ್ಟೀರಿಯಾ ಸೇರಿಕೊಂಡು ಹಳಬರಿಗೂ ಹೊಸಬರಿಗೂ ಸೇತುವೆಯಾಗುತ್ತದೆ. ಕೊನೆಗೆ ಆಮ್ಲಜನಕ ಬೇಡದ, ವಸಡಿಗೆ ಹೆಚ್ಚು ತೊಂದರೆ ಕೊಡುವ ಗುಂಪು ಒಳಪದರದಲ್ಲಿ ಬೀಡುಬಿಡುತ್ತದೆ.

ಇದನ್ನು ಮನುಷ್ಯರ ಮೇಲೇ ಪರೀಕ್ಷಿಸಿ ನೋಡಿದ್ದಾರೆ. ಡೆನ್ಮಾರ್ಕ್‌ನ ಆರ್ಹುಸ್‌ನಲ್ಲಿ ಹಾರಲ್ಡ್ ಲೋ ಮತ್ತು ಸಂಗಡಿಗರು ವಸಡು ಆರೋಗ್ಯವಾಗಿದ್ದ 12 ಮಂದಿಗೆ ಹಲ್ಲುಜ್ಜುವುದನ್ನು ಪೂರ್ತಿ ನಿಲ್ಲಿಸಲು ಹೇಳಿದರು. ಅವರಲ್ಲಿ ಹೆಚ್ಚಿನವರು ದಂತವೈದ್ಯಕೀಯ ವಿದ್ಯಾರ್ಥಿಗಳೇ. 10ರಿಂದ 21 ದಿನದೊಳಗೆ ಅಷ್ಟೂ ಜನರ ವಸಡು ಊದಿಕೊಂಡಿತು. ಮತ್ತೆ ಉಜ್ಜಲು ಶುರುಮಾಡಿದ ಸುಮಾರು ಒಂದು ವಾರದಲ್ಲಿ ವಸಡು ಮೊದಲಿನಂತಾಯಿತು. 1965ರಲ್ಲಿ ಪ್ರಕಟವಾದ ಈ ಅಧ್ಯಯನ ಇವತ್ತಿಗೂ ಪಠ್ಯಪುಸ್ತಕದಲ್ಲಿದೆ. ವಸಡಿನ ಊತಕ್ಕೆ ಕಾರಣ ಮೆತ್ತನೆಯ ಪ್ಲಾಕ್, ಮತ್ತು ಆ ಹಂತದಲ್ಲಿ ಬ್ರಷ್ ಸಾಕು ಎಂಬುದನ್ನು ಅದು ತೋರಿಸಿತು.

ಮೆತ್ತಗಿದ್ದದ್ದು ಕಲ್ಲಾಗುವುದು

ನಮ್ಮ ಎಂಜಲಿನಲ್ಲಿ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಧಾರಾಳವಾಗಿವೆ. ಹಲ್ಲು ಸವೆಯದಂತೆ ಕಾಯುವುದೂ ಅವೇ. ಬ್ರಷ್ ತಲುಪದೆ ಉಳಿದ ಪ್ಲಾಕ್‌ನಲ್ಲಿ ಇದೇ ಲವಣಗಳು ಹರಳುಗಟ್ಟಲು ಶುರುವಾಗುತ್ತವೆ. ಕೆಲವರಲ್ಲಿ ಮೊದಲ ಕೆಲವು ಗಂಟೆಗಳಲ್ಲೇ, ಇನ್ನು ಕೆಲವರಲ್ಲಿ ವಾರದ ನಂತರ. ವೇಗವಾಗಿ ನಡೆದರೆ ಎರಡು ದಿನಕ್ಕೆ ಅರ್ಧದಷ್ಟು, 12 ದಿನಕ್ಕೆ ಶೇ 60ರಿಂದ 90ರಷ್ಟು ಪ್ಲಾಕ್ ಗಟ್ಟಿಯಾಗಬಲ್ಲದು. "ನಾನೂ ದಿನಾ ಉಜ್ಜುತ್ತೇನೆ, ನನಗೇ ಯಾಕೆ?" ಎಂದು ಕೇಳುವವರಿಗೆ ಉತ್ತರದ ಒಂದು ಭಾಗ ಇಲ್ಲಿದೆ: ಗಾರೆ ಕಟ್ಟುವ ವೇಗ ಒಬ್ಬೊಬ್ಬರ ಎಂಜಲಿನಲ್ಲಿ ಒಂದೊಂದು ಥರ.

ಕನ್ನಡಿ ಮುಂದೆ ನಿಂತು ಕೆಳಗಿನ ಮುಂದಿನ ಹಲ್ಲುಗಳ ಹಿಂಬದಿ, ಅಂದರೆ ನಾಲಿಗೆ ಕಡೆಯ ಭಾಗ ನೋಡಿಕೊಳ್ಳಿ. ಗಾರೆ ಮೊದಲು ಕಾಣುವುದು ಹೆಚ್ಚಾಗಿ ಅಲ್ಲೇ. ನಾಲಿಗೆಯಡಿ ಎಂಜಲಿನ ಗ್ರಂಥಿಯ ನಾಳ ಬಾಯ್ತೆರೆಯುವುದು ಅದರ ಪಕ್ಕದಲ್ಲಿ. ಇನ್ನೊಂದು ಜಾಗ ಮೇಲಿನ ದವಡೆ ಹಲ್ಲುಗಳ ಕೆನ್ನೆ ಬದಿ, ಅಲ್ಲಿಯೂ ಒಂದು ನಾಳವಿದೆ.

ಟಿಪ್ಪಣಿಗೆ ಬೇಕಾದ ಮುಖ್ಯ ಅಂಶಗಳು

ಪ್ಲಾಕ್: ಜೀವಂತ ಬ್ಯಾಕ್ಟೀರಿಯಾಗಳ ಮೆತ್ತನೆಯ ಪದರ. ಬಣ್ಣ ಹಲ್ಲಿನಂತೆಯೇ ಇರುವುದರಿಂದ ಸುಲಭಕ್ಕೆ ಕಾಣದು. ಉಗುರಿನಿಂದ ಕೆರೆದರೆ ಬಿಳಿ ಹಿಟ್ಟಿನಂತೆ ಬರುತ್ತದೆ. ಬ್ರಷ್ ಮತ್ತು ಹಲ್ಲಿನ ಸಂದಿಗೆ ಹಾಕುವ ದಾರ ಸಾಕು.

ವಸಡಿನ ಮೇಲಿನ ಕ್ಯಾಲ್ಕ್ಯುಲಸ್: ಬಿಳಿ ಅಥವಾ ಹಳದಿ. ಶೇ 70–90 ಲವಣ, ಅದೂ ಎಂಜಲಿನಿಂದ ಬಂದದ್ದು. ಉಗುರಿಗೆ ಒರಟಾಗಿ ಸಿಗುತ್ತದೆ, ಕದಲುವುದಿಲ್ಲ.

ವಸಡಿನ ಒಳಗಿನ ಕ್ಯಾಲ್ಕ್ಯುಲಸ್: ಕಂದು ಇಲ್ಲವೇ ಕಪ್ಪು. ಲವಣ ಬರುವುದು ವಸಡಿನ ಸಂದಿಯಲ್ಲಿ ಒಸರುವ ದ್ರವದಿಂದ. ಕನ್ನಡಿಯಲ್ಲಿ ಕಾಣದು, ವೈದ್ಯರು ಸಲಕರಣೆಯಿಂದ ತಡವಿ ಅಥವಾ ಎಕ್ಸ್‌-ರೇಯಲ್ಲಿ ಗುರುತಿಸುತ್ತಾರೆ.

ಒಂದು ಮಾತು ಬಹಳ ಜನ ಬಿಟ್ಟುಬಿಡುತ್ತಾರೆ. ಗಾರೆ ತಾನಾಗಿಯೇ ದೊಡ್ಡ ಶತ್ರುವಲ್ಲ. ಅದರ ಒರಟು ಮೈಮೇಲೆ ಯಾವಾಗಲೂ ಹೊಸ ಪ್ಲಾಕ್ ಕೂತಿರುತ್ತದೆ, ಬ್ರಷ್ ಅದನ್ನು ಪೂರ್ತಿ ತೆಗೆಯಲಾರದು. ತೊಂದರೆ ಇರುವುದು ಇಲ್ಲೇ.

ಇನ್ನು ಆ ನೊರೆ

ವಿಡಿಯೊದಲ್ಲಿ ಬುಸ್ಸೆಂದು ಏಳುವ ನೊರೆಯನ್ನು "ಗಾರೆ ಕರಗುತ್ತಿದೆ" ಎಂದು ತೋರಿಸುತ್ತಾರೆ. ಹಲ್ಲೇ ಇಲ್ಲದ ಬಟ್ಟಲಿನಲ್ಲಿ ನಿಂಬೆರಸಕ್ಕೆ ಸೋಡಾ ಹಾಕಿ ನೋಡಿ, ಅಷ್ಟೇ ನೊರೆ ಬರುತ್ತದೆ. ಅದು ಹುಳಿಯೂ ಸೋಡಾವೂ ಸೇರಿದಾಗ ಹೊರಡುವ ಇಂಗಾಲದ ಡೈಆಕ್ಸೈಡ್. ಸೋಡಾ ಹೆಚ್ಚಾದರೆ ನಿಂಬೆಯ ಹುಳಿಯೇ ಸತ್ತುಹೋಗುತ್ತದೆ, ಕರಗಿಸುವ ಶಕ್ತಿ ಉಳಿಯುವುದಿಲ್ಲ. ನಿಂಬೆ ಹೆಚ್ಚಾದರೆ ಹುಳಿ ಉಳಿಯುತ್ತದೆ, ಆದರೆ ಗಾರೆಯೂ ಹಲ್ಲಿನ ಎನಾಮಲ್ಲೂ ಎರಡೂ ಕ್ಯಾಲ್ಸಿಯಂ ಫಾಸ್ಫೇಟೇ. ಆಮ್ಲಕ್ಕೆ ಇದು ಗಾರೆ, ಇದು ಹಲ್ಲು ಎಂಬ ಭೇದ ತಿಳಿಯದು. ಪಿಎಚ್ ಸುಮಾರು 5.5ಕ್ಕಿಂತ ಇಳಿದರೆ ಎನಾಮಲ್ ಕರಗತೊಡಗುತ್ತದೆ, ನಿಂಬೆರಸದ್ದು 2ರ ಆಸುಪಾಸು. ಹೀಗೆ ಮೆತ್ತಗಾದ ಮೇಲೆ ತಕ್ಷಣ ಉಜ್ಜಿದರೆ ಸವೆತ ಇನ್ನೂ ಜಾಸ್ತಿ. ಸವೆದುಹೋದ ಎನಾಮಲ್ ಮತ್ತೆ ಬೆಳೆಯುವುದಿಲ್ಲ.

ಹಾಗಾದರೆ ಉಜ್ಜಿದ ಮೇಲೆ ಹಲ್ಲು ಬೆಳ್ಳಗೆ ಕಾಣುವುದು ಸುಳ್ಳೇ? ಅಲ್ಲ. ಸೋಡಾ ಪ್ಲಾಕ್ ಮತ್ತು ಚಹಾದ ಕಲೆಯನ್ನು ತೆಗೆಯುತ್ತದೆ, ಕೆಲವು ಟೂತ್‌ಪೇಸ್ಟ್‌ಗಳಲ್ಲಿ ಅದನ್ನು ಬಳಸುತ್ತಾರೆ ಕೂಡ. ಹೋದದ್ದು ಪಾಚಿ, ಗಾರೆ ಇದ್ದಲ್ಲೇ ಇದೆ. ಟಾರ್ಟರ್ ತಡೆಯುವ ಪೇಸ್ಟ್‌ಗಳೂ ಹೊಸ ಗಾರೆ ಕಟ್ಟುವುದನ್ನು ನಿಧಾನಗೊಳಿಸುತ್ತವೆಯೇ ಹೊರತು ಕಟ್ಟಿರುವುದನ್ನು ಬಿಡಿಸುವುದಿಲ್ಲ.

ಕ್ಲೀನಿಂಗ್ ಆದಮೇಲೆ ಸಂದಿ ಯಾಕೆ?

ಡೆಂಟಿಸ್ಟ್ ಬಳಸುವ ಸ್ಕೇಲರ್ ಗಾರೆಯನ್ನು ಕರಗಿಸುವುದಿಲ್ಲ. ಅದರ ತುದಿ ಸೆಕೆಂಡಿಗೆ ಸಾವಿರಾರು ಬಾರಿ ಕಂಪಿಸಿ ಗಾರೆಯನ್ನು ಒಡೆದು ಬಿಡಿಸುತ್ತದೆ. ವರ್ಷಗಟ್ಟಲೆ ಗಾರೆ ಕಟ್ಟಿದವರಲ್ಲಿ ಹಲ್ಲು ಹಿಡಿದಿಡುವ ಎಲುಬು ಅಷ್ಟರಲ್ಲೇ ಸ್ವಲ್ಪ ಸವೆದಿರುತ್ತದೆ, ವಸಡು ಊದಿಕೊಂಡಿರುತ್ತದೆ. ಸಂದಿಗಳನ್ನು ಗಾರೆಯೇ ಸಿಮೆಂಟಿನಂತೆ ತುಂಬಿ, ಅಲುಗುವ ಹಲ್ಲುಗಳನ್ನು ಒಂದಕ್ಕೊಂದು ಅಂಟಿಸಿಟ್ಟಿರುತ್ತದೆ. ಅದು ಹೋಗಿ ವಸಡಿನ ಊತವೂ ಇಳಿದಾಗ, ಮೊದಲೇ ಇದ್ದ ಸಂದಿ ಮತ್ತು ಸಡಿಲ ಈಗ ಗೊತ್ತಾಗುತ್ತವೆ. ತಣ್ಣನೆಯ ನೀರು ಕೆಲವು ದಿನ ಜುಮ್ಮೆನ್ನುವುದೂ ಗಾರೆಯಡಿ ಮುಚ್ಚಿದ್ದ ಬೇರಿನ ಭಾಗ ತೆರೆದುಕೊಂಡದ್ದರಿಂದ. ಅದು ಸಾಮಾನ್ಯವಾಗಿ ತಾನಾಗಿ ಕಡಿಮೆಯಾಗುತ್ತದೆ. ವಾರಗಳು ಕಳೆದರೂ ಹೋಗದಿದ್ದರೆ, ಅಥವಾ ಹಲ್ಲು ಇನ್ನೂ ಅಲುಗುತ್ತಿದ್ದರೆ, ಗಾರೆ ತೆಗೆದ ವೈದ್ಯರಿಗೇ ಮತ್ತೆ ತೋರಿಸಿ.