ಒಂದು ಗಿರಾಕಿ ಎಷ್ಟಕ್ಕೆ ಬಿತ್ತು?

ನಮ್ಮ ಕ್ಯಾಂಪಸ್‌ನಲ್ಲಿ ಊರಿನ ಅಂಗಡಿಗೆ ಇನ್‌ಸ್ಟಾಗ್ರಾಮ್ ಜಾಹೀರಾತು ನಡೆಸಿಕೊಡೋರು ಕಡಿಮೆ ಇಲ್ಲ. ಮಾಮಾಂದು ಬಟ್ಟೆ ಅಂಗಡಿ, ಅತ್ತೆಯ ಖಾರದಪುಡಿ, ಗೆಳೆಯನ ಅಣ್ಣನ ಮೊಬೈಲ್ ಕವರ್ ಪೇಜು. ತಿಂಗಳ ಕೊನೆಗೆ ಆ್ಯಡ್ಸ್ ಮ್ಯಾನೇಜರ್ ತೆರೆದು `Cost per result` ಅನ್ನೋ ಕಾಲಮ್‌ನ ಸ್ಕ್ರೀನ್‌ಶಾಟ್ ತೆಗೆದು ವಾಟ್ಸಾಪ್ ಮಾಡ್ತೀವಿ: "ಕಾಕಾ, ಒಂದು ಗಿರಾಕಿಗೆ ಬರೀ 200 ರೂಪಾಯಿ!" ಆ 200 ಒಂದು ಗಿರಾಕಿಯ ಬೆಲೆ ಅಲ್ಲ ಅನ್ನೋದು ನನ್ನ ವಾದ. ನಿಜವಾದ ಬೆಲೆ ಸಿಗೋದು ಅಂಗಡಿಯ ಪಾರ್ಸೆಲ್ ಪುಸ್ತಕದಲ್ಲಿ. ಅದು ಎರಡು ಪಟ್ಟಿಗಿಂತ ಜಾಸ್ತಿ ಇರಬಹುದು, ಮತ್ತು ಆ ವ್ಯತ್ಯಾಸದಲ್ಲಿ ಒಂದು ಸಣ್ಣ ಅಂಗಡಿ ಸದ್ದಿಲ್ಲದೆ ಮುಳುಗಬಹುದು.

ಬಿಸಿನೆಸ್ ಪುಸ್ತಕಗಳು ಇದನ್ನ ಕಸ್ಟಮರ್ ಅಕ್ವಿಸಿಷನ್ ಕಾಸ್ಟ್ ಅಂತ ಕರೀತವೆ. ಹೆಸರು ದೊಡ್ಡದು, ಲೆಕ್ಕ ಒಂದೇ ಭಾಗಾಕಾರ: ಹೊಸ ಗಿರಾಕಿಗಳನ್ನ ತರೋಕೆ ಆದ ಒಟ್ಟು ಖರ್ಚು, ಭಾಗಿಸು ಬಂದ ಹೊಸ ಗಿರಾಕಿಗಳ ಸಂಖ್ಯೆ. ಆ್ಯಡ್ಸ್ ಮ್ಯಾನೇಜರ್ ಮಾಡೋದೂ ಭಾಗಾಕಾರವೇ. ಆದ್ರೆ ಅದರ ಅಂಶದಲ್ಲಿ ಎಲ್ಲ ಖರ್ಚೂ ಇಲ್ಲ, ಛೇದದಲ್ಲಿ ಗಿರಾಕಿ ಅಲ್ಲದವರೂ ಇದ್ದಾರೆ.

ಮಹಾಲಿಂಗಪುರದ ಲೆಕ್ಕ ತಗೊಳ್ಳೋಣ. ಬಾಗಲಕೋಟೆ ಜಿಲ್ಲೆಯ ಈ ಊರಲ್ಲಿ ಎರಡು ವ್ಯಾಪಾರ ಎಲ್ಲರಿಗೂ ಗೊತ್ತು: ಬೆಲ್ಲ ಮತ್ತು ಸೀರೆ. ಬೆಲ್ಲದ ಪೇಟೆಯಲ್ಲಿ ಯಾವ ವ್ಯಾಪಾರಿಯೂ ಸವಾಲಿನಲ್ಲಿ ಕೂಗಿದ ದರವನ್ನೇ ತನ್ನ ಖರೀದಿ ಬೆಲೆ ಅಂತ ಬರ್ಕೊಳ್ಳಲ್ಲ. ಹಮಾಲಿ, ಗಾಡಿ ಬಾಡಿಗೆ ಎಲ್ಲ ಕೂಡಿಸಿ, ಕೆಟ್ಟುಹೋದ ಮಾಲು ಕಳೆದು, ಆಮೇಲೆ "ಇಷ್ಟಕ್ಕ ಬಿತ್ತು" ಅಂತಾನೆ. ಅದೇ ಬುದ್ಧಿ ಫೋನ್ ಪರದೆಯ ಮುಂದೆ ಯಾಕೆ ಹೋಗಿಬಿಡುತ್ತೆ?

ಉದಾಹರಣೆಗೆ ಅಲ್ಲೊಂದು ಸೀರೆ ಅಂಗಡಿ ಅಂತ ಇಟ್ಟುಕೊಳ್ಳಿ. ಮುಂದಿನ ಅಂಕಿಗಳೆಲ್ಲ ನಾನು ಲೆಕ್ಕಕ್ಕೆ ಅಂತ ಹಿಡಿದವು, ನಿಮ್ಮ ಅಂಗಡಿಯ ಅಂಕಿ ಹಾಕಿ ನೋಡಿ. ಸ್ವಂತ ವೆಬ್‌ಸೈಟ್ ಇದೆ, ಕರ್ನಾಟಕದೊಳಗೆ ಮಾತ್ರ ಮಾರುತ್ತೆ, ಜಿಎಸ್‌ಟಿ ನೋಂದಣಿ ಇಲ್ಲ. ಸೀರೆಗೆ 1,200 ರೂಪಾಯಿ, ಕೊರಿಯರ್ ಸೇರಿ. ಒಂದು ತಿಂಗಳು ಇನ್‌ಸ್ಟಾಗ್ರಾಮ್, ಫೇಸ್‌ಬುಕ್ ಜಾಹೀರಾತಿಗೆ 20,000 ರೂಪಾಯಿ ಹಾಕಿದ್ರು. ಪರದೆ ಮೇಲೆ 100 ಖರೀದಿ ತೋರಿಸ್ತು. ಅಂದ್ರೆ ಒಂದಕ್ಕೆ 200 ರೂಪಾಯಿ. ಮಾರಾಟ 1,20,000, ಹಾಕಿದ ದುಡ್ಡಿನ ಆರು ಪಟ್ಟು. ಯಾರಿಗಾದ್ರೂ ಖುಷಿ ಆಗುತ್ತೆ.

ಈಗ ಮೊದಲು ಮೇಲಿನ ಅಂಕಿ, ಅಂದ್ರೆ ಖರ್ಚು. ಭಾರತದಲ್ಲಿ ಆನ್‌ಲೈನ್ ಜಾಹೀರಾತಿಗೆ 18% ಜಿಎಸ್‌ಟಿ ಇದೆ. ಪರದೆಯ ಖರ್ಚಿನ ಕಾಲಮ್‌ನಲ್ಲಿ ಅದು ಸೇರಿರಲ್ಲ, ಬಿಲ್ಲಿನಲ್ಲಿ ಇರುತ್ತೆ. ನೋಂದಣಿ ಇರೋ ಅಂಗಡಿ ಅದನ್ನ ತಾನು ಕಟ್ಟಬೇಕಾದ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು. ನಮ್ಮ ಉದಾಹರಣೆಯ ಅಂಗಡಿಗೆ ಅದು ನೇರ ಖರ್ಚು: 3,600. ಸೀರೆ ಉಟ್ಟು ರೀಲ್ ಮಾಡಿಸಿದ್ದಕ್ಕೆ, ಫೋಟೋ ತೆಗೆಸಿದ್ದಕ್ಕೆ 2,000. ಅಲ್ಲಿಗೆ 25,600 ಆಯ್ತು.

ಇನ್ನು ಕೆಳಗಿನ ಅಂಕಿ. ನಿಜವಾದ ಮೋಸ ಇರೋದು ಇಲ್ಲೇ.

ವೆಬ್‌ಸೈಟಲ್ಲಿ ಆರ್ಡರ್ ಖಾತ್ರಿ ಆದ ಪುಟ ತೆರೆದ ತಕ್ಷಣ, ಅದರೊಳಗಿನ ಪಿಕ್ಸೆಲ್ ಅನ್ನೋ ಚಿಕ್ಕ ಕೋಡ್ "ಒಂದು ಖರೀದಿ ಆಯ್ತು" ಅಂತ ಮೆಟಾಗೆ ಹೇಳಿಬಿಡುತ್ತೆ. ಅಲ್ಲಿಗೆ ಅದರ ಕೆಲಸ ಮುಗೀತು. ಮುಂದೆ ಪಾರ್ಸೆಲ್ ಏನಾಯ್ತು ಅಂತ ಯಾರೂ ಬೇರೆಯಾಗಿ ತಿಳಿಸದಿದ್ರೆ ಅದಕ್ಕೆ ಗೊತ್ತಾಗಲ್ಲ. ನಮ್ಮ ಕಡೆ ಮಂದಿ ಸಿಒಡಿ ಕೇಳ್ತಾರೆ, ಮನೆ ಬಾಗಿಲಲ್ಲಿ ದುಡ್ಡು ಕೊಡೋದು. ಬಾಗಿಲಿಗೆ ಬಂದಾಗ ಮನೆಯಲ್ಲಿ ಯಾರೂ ಇರಲ್ಲ, ಅಥವಾ ಮನಸ್ಸು ಬದಲಾಗಿರುತ್ತೆ, ಪಾರ್ಸೆಲ್ ವಾಪಸ್. 100ರಲ್ಲಿ 70 ಸಿಒಡಿ, ಅದರಲ್ಲಿ 20 ವಾಪಸ್ ಬಂದ್ವು ಅಂತ ಹಿಡಿಯಿರಿ. ಹೋಗಿದ್ದಕ್ಕೆ 60, ಬಂದಿದ್ದಕ್ಕೆ 60. 20 ಪಾರ್ಸೆಲ್‌ಗೆ 2,400 ನೀರಿನಲ್ಲಿ ಹೋಯ್ತು. ಸೀರೆ ವಾಪಸ್ ಬಂತು, ಗಿರಾಕಿ ಬರಲಿಲ್ಲ. ಹಾಗಾಗಿ ಇದನ್ನೂ ಗಿರಾಕಿ ಹುಡುಕೋ ಖರ್ಚಿಗೇ ಸೇರಿಸ್ತೀನಿ. ಈಗ ಒಟ್ಟು ಖರ್ಚು 28,000, ಮುಟ್ಟಿದ ಸೀರೆ 80. ಒಂದಕ್ಕೆ 350.

ಇಲ್ಲಿಗೆ ನಿಲ್ಲೋ ಹಾಗಿಲ್ಲ. ಆ 80 ಆರ್ಡರ್‌ಗಳ ಫೋನ್ ನಂಬರ್‌ಗಳನ್ನ ಅಂಗಡಿಯ ಹಳೆ ಪಟ್ಟಿ ಜೊತೆ ಹೋಲಿಸಿ. ಎಕ್ಸೆಲ್‌ನಲ್ಲಿ ಒಂದು `COUNTIF` ಸಾಕು. 24 ಜನ ಮೊದಲೇ ಇಲ್ಲಿ ಸೀರೆ ತಗೊಂಡಿದ್ದವರು ಅಂತ ಸಿಕ್ತು ಅಂದುಕೊಳ್ಳಿ. ಇದರಲ್ಲಿ ಆಶ್ಚರ್ಯ ಏನಿಲ್ಲ. ಜಾಹೀರಾತಿನ ಯಂತ್ರಕ್ಕೆ ನಾವು "ಖರೀದಿ ಮಾಡೋರನ್ನ ಹುಡುಕು" ಅಂತ ಹೇಳಿರ್ತೀವಿ. ಯಾರು ಖರೀದಿ ಮಾಡೋ ಸಾಧ್ಯತೆ ಹೆಚ್ಚು? ಅಂಗಡಿ ಗೊತ್ತಿರೋರು. ಅದು ಹೇಳಿದ ಕೆಲಸ ಚೆನ್ನಾಗೇ ಮಾಡಿದೆ, ನಾವು ಕೇಳಿದ್ದೇ ಬೇರೆ. ಹೊಸಬರು ಉಳಿದದ್ದು 56. 28,000 ಭಾಗಿಸು 56.

```
ಪರದೆ:            20,000 ÷ 100 = 200
ಮುಟ್ಟಿದ ಆರ್ಡರ್:    28,000 ÷ 80  = 350
ಹೊಸ ಗಿರಾಕಿ:       28,000 ÷ 56  = 500
```

ಒಂದೇ ತಿಂಗಳು, ಒಂದೇ ಜಾಹೀರಾತು. 200 ಇದ್ದದ್ದು 500.

ಇದು ಜಾಸ್ತಿಯೋ ಕಡಿಮೆಯೋ ಅಂತ ಹೇಳೋಕೆ ಒಂದು ಸೀರೆಯಲ್ಲಿ ಉಳಿಯೋದೆಷ್ಟು ಅಂತ ಗೊತ್ತಿರಬೇಕು. 1,200ರಲ್ಲಿ ನೇಕಾರರಿಗೆ 750, ಪ್ಯಾಕಿಂಗ್ 20, ಕೊರಿಯರ್ 60, ಸಿಒಡಿ ಶುಲ್ಕ ಸರಾಸರಿ 30. ಉಳಿದದ್ದು 340. ಪರದೆಯ 200 ನಂಬಿದ್ರೆ ಪ್ರತಿ ಗಿರಾಕಿಯಿಂದ 140 ಲಾಭ, "ಮುಂದಿನ ತಿಂಗಳು ಡಬಲ್ ಹಾಕೋಣ" ಅಂತೀವಿ. 500 ನಂಬಿದ್ರೆ ಪ್ರತಿ ಹೊಸ ಗಿರಾಕಿ ಮೇಲೆ 160 ನಷ್ಟ. ಡಬಲ್ ಹಾಕಿದ್ರೆ ನಷ್ಟವೇ ಡಬಲ್. ಒಂದೇ ಅಂಗಡಿಗೆ ಎರಡು ವಿರುದ್ಧ ಸಲಹೆ, ಮತ್ತು ಕೊಡೋರು ನಾವು.

ಇಲ್ಲಿ ಒಂದು ಆಕ್ಷೇಪ ಬರುತ್ತೆ: "ಹಳೆ ಗಿರಾಕಿಗೂ ಜಾಹೀರಾತು ನೆನಪು ಮಾಡಿಕೊಟ್ಟಿತಲ್ಲ, ಅವರ ಲಾಭ ಯಾಕೆ ಬಿಡ್ತೀಯಾ?" ನ್ಯಾಯವಾದ ಪ್ರಶ್ನೆ. ಸರಿ, ಬಿಡೋದು ಬೇಡ. 80 ಸೀರೆಯ ಲಾಭವನ್ನೂ ಜಾಹೀರಾತಿಗೇ ಕೊಡೋಣ: 80 ಗುಣಿಸು 340, ಅಂದ್ರೆ 27,200. ಖರ್ಚು 28,000. ಆಗಲೂ 800 ಕೈಯಿಂದ ಹೋಯ್ತು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ: "ಹೊಸ ಗಿರಾಕಿ ಮತ್ತೆ ಬರ್ತಾರೆ, ಮೊದಲ ಸೀರೆಯಲ್ಲೇ ಲಾಭ ಯಾಕೆ?" ಇದೂ ನಿಜ. ಆದ್ರೆ ಲೆಕ್ಕ ಹಾಕಿ ಹೇಳಬೇಕು. 160 ನಷ್ಟ ತುಂಬೋಕೆ 340 ಲಾಭದ ಎರಡನೇ ಸೀರೆ ಬೇಕು. 160 ಭಾಗಿಸು 340, ಸುಮಾರು 0.47. ಅಂದ್ರೆ ಹೆಚ್ಚುಕಡಿಮೆ ಇಬ್ಬರು ಹೊಸಬರಲ್ಲಿ ಒಬ್ಬರು ಇನ್ನೊಂದು ಸೀರೆಯನ್ನ ಜಾಹೀರಾತಿಲ್ಲದೆ ತಗೋಬೇಕು. ಹಾಗಾಗುತ್ತಾ ಇಲ್ವಾ ಅನ್ನೋದು ನಂಬಿಕೆಯ ವಿಷಯ ಅಲ್ಲ. ಆರು ತಿಂಗಳ ಹಿಂದೆ ಮೊದಲ ಸಲ ತಗೊಂಡವರಲ್ಲಿ ಎಷ್ಟು ಜನ ಮತ್ತೆ ಬಂದ್ರು ಅಂತ ಅದೇ ಪುಸ್ತಕದಲ್ಲಿ ಇರುತ್ತೆ. ಮತ್ತೆ ಅವರು ಬರೋತನಕ ಆ ನಷ್ಟ ಹೊರೋರು ಯಾರು? 56 ಗುಣಿಸು 160, ತಿಂಗಳಿಗೆ 8,960. ದೊಡ್ಡ ಸ್ಟಾರ್ಟಪ್‌ಗೆ ಅದನ್ನ ಹೂಡಿಕೆದಾರರು ಕೊಡ್ತಾರೆ. ಇಲ್ಲಿ ಅದು ನೇಕಾರರಿಗೆ ಕೊಡಬೇಕಾದ ಬಾಕಿಯಿಂದಲೇ ಹೋಗೋದು.

500 ಅನ್ನೋದೂ ಕೊನೆಯ ಮಾತಲ್ಲ. ಆ 56 ಜನರಲ್ಲಿ ಜಾಹೀರಾತು ಇಲ್ಲದಿದ್ರೂ ಬರ್ತಿದ್ದವರು ಎಷ್ಟು? ಮೆಟಾದ ಸಾಮಾನ್ಯ ಸೆಟ್ಟಿಂಗ್‌ನಲ್ಲಿ, ಜಾಹೀರಾತು ಒತ್ತಿ 7 ದಿನದೊಳಗೆ ಕೊಂಡ್ರೂ, ಒತ್ತದೆ ಬರೀ ಪರದೆ ಮೇಲೆ ಕಂಡು 1 ದಿನದೊಳಗೆ ಕೊಂಡ್ರೂ ಅದರ ಖಾತೆಗೇ ಬರುತ್ತೆ. ಅಕ್ಕ ಹೇಳಿದ್ದಕ್ಕೆ ಸೀರೆ ತಗೊಂಡವಳು ಬೆಳಿಗ್ಗೆ ಆ ರೀಲ್ ದಾಟಿ ಹೋಗಿದ್ರೆ, ಅವಳೂ ಜಾಹೀರಾತಿನ ಗಿರಾಕಿಯೇ. ಇದನ್ನ ಅಳೆಯೋಕೆ ಒಂದು ದಾರಿ: ಕೆಲವು ಜಿಲ್ಲೆಗಳಲ್ಲಿ ಒಂದು ತಿಂಗಳು ಜಾಹೀರಾತು ನಿಲ್ಲಿಸಿ, ಉಳಿದ ಕಡೆ ಬಿಡಿ. ನಿಲ್ಲಿಸಿದ ಕಡೆ ಒಟ್ಟು ಆರ್ಡರ್ ಎಷ್ಟು ಇಳೀತು ಅಂತ ಪಾರ್ಸೆಲ್‌ಗಳ ಪಿನ್‌ಕೋಡ್‌ನಿಂದ ಎಣಿಸಿ, ಬಿಟ್ಟ ಕಡೆಯ ಜೊತೆ ಹೋಲಿಸಿ. ಇಳಿಯದೇ ಇದ್ರೆ ಅಲ್ಲಿ ನೀವು ಬರೋರಿಗೇ ದುಡ್ಡು ಕೊಟ್ಟು ಕರೀತಿದ್ರಿ.

ಆದ್ರೆ ಸಣ್ಣ ಅಂಗಡಿಗೆ ಒಂದು ಮಿತಿ ಇದೆ. ಗಿರಾಕಿಗಳು ಒಬ್ಬರಿಗೊಬ್ಬರು ಸಂಬಂಧ ಇಲ್ಲದೆ ಬರ್ತಾರೆ ಅಂತ ಹಿಡಿದ್ರೆ, 56 ಅನ್ನೋ ಎಣಿಕೆ ಬರೀ ಅದೃಷ್ಟದಿಂದ ಅದರ ವರ್ಗಮೂಲದಷ್ಟು, ಅಂದ್ರೆ ಸುಮಾರು 7.5ರಷ್ಟು ಆಚೆ ಈಚೆ ಆಗೋದು ಸಾಮಾನ್ಯ. ನಾವು ಓದಿದ ಪ್ವಾಸಾನ್ ಇಲ್ಲಿ ಕೆಲಸಕ್ಕೆ ಬರುತ್ತೆ. ಏನೂ ಬದಲಾಗದೆ ಗಿರಾಕಿಯ ಬೆಲೆ ಈ ತಿಂಗಳು 440, ಮುಂದಿನ ತಿಂಗಳು 580 ಆಗಬಹುದು. ಅದಕ್ಕೇ ಎರಡು ದಿನದ ಅಂಕಿ ನೋಡಿ "ಈ ರೀಲ್ ಓಡ್ತಿದೆ, ಅದು ಓಡ್ತಿಲ್ಲ" ಅಂತ ತೀರ್ಪು ಕೊಡೋದು ಲೆಕ್ಕ ಅಲ್ಲ, ಊಹೆ. ಜಿಲ್ಲೆಗಳ ಪರೀಕ್ಷೆಯಲ್ಲೂ 10 ಇದ್ದದ್ದು 8 ಆದ್ರೆ ಏನೂ ಹೇಳೋಕಾಗಲ್ಲ. 40 ಇದ್ದದ್ದು 20 ಆದ್ರೆ ಹೇಳಬಹುದು.

ಬೆಲೆ ಇಳಿಸೋ ದಾರಿ ಬಹಳ ಸಲ ಪರದೆಯ ಹೊರಗೇ ಇರುತ್ತೆ. ಸಿಒಡಿ ಆರ್ಡರ್ ಕಳಿಸೋ ಮೊದಲು ಅಂಗಡಿಯಿಂದ ಒಂದು ಫೋನ್: "ಅಕ್ಕಾರ, ನೀಲಿ ಸೀರಿ ಆರ್ಡರ್ ಮಾಡೀರಲ್ಲ, ಗುರುವಾರ ಮನ್ಯಾಗ ಇರ್ತೀರೇನ್ರಿ?" ಇದರಿಂದ ವಾಪಸ್ ಬರೋ 20ರಲ್ಲಿ 10 ನಿಂತು, ಆ ಸೀರೆಗಳು ಮುಟ್ಟಿದ್ವು ಅಂದುಕೊಳ್ಳಿ. ಖರ್ಚು 26,800ಕ್ಕೆ ಇಳೀತು, ಮುಟ್ಟಿದ್ದು 90, ಹೊಸಬರ ಪ್ರಮಾಣ ಅದೇ ಇದ್ರೆ 63. ಒಬ್ಬರಿಗೆ ಸುಮಾರು 425. ಜಾಹೀರಾತಿನಲ್ಲಿ ಏನೂ ಮುಟ್ಟದೆ 75 ರೂಪಾಯಿ ಇಳೀತು. ಎರಡನೇ ಕೆಲಸ, ಹಳೆ ಗಿರಾಕಿಗಳ ನಂಬರ್ ಪಟ್ಟಿಯನ್ನ ಆ್ಯಡ್ಸ್ ಮ್ಯಾನೇಜರ್‌ಗೆ ಏರಿಸಿ ಅವರನ್ನ ಹೊರಗಿಡೋದು. ಅವರಿಗೆ ಹೊಸ ಸೀರೆ ಬಂದಿದೆ ಅಂತ ಹೇಳೋಕೆ ಅಂಗಡಿಯ ವಾಟ್ಸಾಪ್ ಇದ್ದೇ ಇದೆ.

ಇಷ್ಟೆಲ್ಲ ಮಾಡಿದ ಮೇಲೂ ಮೂರು ತಿಂಗಳ ಸರಾಸರಿ 340ರ ಮೇಲೇ ನಿಂತು, ಹಳೆ ಪುಸ್ತಕದಲ್ಲಿ ಮತ್ತೆ ಬಂದವರೂ ಕಡಿಮೆ ಇದ್ರೆ, "ಕಾಕಾ, ಇದನ್ನ ನಿಲ್ಲಿಸೋಣ" ಅಂತ ಹೇಳಬೇಕಾದವರೂ ನಾವೇ. ಪೇಜ್ ನಡೆಸೋದು ನಮ್ಮ ಕೈಯಲ್ಲಿದೆ, ದುಡ್ಡು ಅವರದ್ದು. ಆದ್ದರಿಂದ ಈ ತಿಂಗಳಿಂದ ಸ್ಕ್ರೀನ್‌ಶಾಟ್ ಬದಲು ನಾಲ್ಕು ಅಂಕಿ ಕಳಿಸಿ: ತೆರಿಗೆ ಸೇರಿ ಒಟ್ಟು ಖರ್ಚು, ಮುಟ್ಟಿದ ಪಾರ್ಸೆಲ್, ಅದರಲ್ಲಿ ಹೊಸಬರು, ಒಂದು ಮಾಲಿನಲ್ಲಿ ಉಳಿಯೋದು. ಭಾಗಾಕಾರ ಕಾಕಾನೇ ಮಾಡ್ಕೋತಾರೆ. ಬೆಲ್ಲದ ಪೇಟೆಯಲ್ಲಿ ಅವರು ಅದನ್ನ ಬಾಯಲ್ಲೇ ಮಾಡ್ತಾರೆ.