ಮೂರು ವಾಕ್ಯದ ಶಿಫಾರಸು

ನಮ್ಮ ಕಚೇರಿಯಲ್ಲಿ ಸ್ಪಾಟ್ ಬೋನಸ್‌ಗೆ ಸಹೋದ್ಯೋಗಿಗಳೇ ಹೆಸರು ಸೂಚಿಸಬೇಕು. ನಾನು ಕೂರುವುದು ಕೊಚ್ಚಿಯ ಇನ್ಫೋಪಾರ್ಕಿನಲ್ಲಿ. ನಾನು ಸೂಚಿಸಿದಾಕೆ ಇನ್ನೂರು ಕಿಲೋಮೀಟರ್ ದೂರದ ತಿರುವನಂತಪುರದ ಟೆಕ್ನೋಪಾರ್ಕಿನಲ್ಲಿ. ಆಯ್ಕೆ ಮಾಡುವವರು ಆಕೆಯನ್ನು ನೋಡಿಯೇ ಇಲ್ಲ.

ನನ್ನ ಮೊದಲ ಕರಡಿನಲ್ಲಿ ಆಕೆ ಹಗಲಿರುಳು ದುಡಿಯುವವಳು, ತಂಡದ ಬೆನ್ನೆಲುಬು, ಸದಾ ನಗುಮುಖದವಳು. ಮ್ಯಾನೇಜರ್ ಅದನ್ನು ಹಿಂದಕ್ಕೆ ಕಳಿಸಿ ಒಂದೇ ಪ್ರಶ್ನೆ ಕೇಳಿದರು: ‘ಏನು ಮಾಡಿದರು?’ ಬೀಳ್ಕೊಡುಗೆ ಸಮಾರಂಭದಲ್ಲಿ ಯಾರಿಗೆ ಬೇಕಾದರೂ ಓದಬಹುದಾದ ಮಾತುಗಳನ್ನು ನಾನು ಬರೆದಿದ್ದೆ.

ಎರಡನೆಯ ಸಲ ಹೀಗೆ ಬರೆದೆ: ‘ಓಣಂಗೆ ಮುಂಚಿನ ವಾರ, ರಾತ್ರಿ ಓಡುವ ಪ್ರೋಗ್ರಾಂ ಅರ್ಧಕ್ಕೆ ನಿಂತು ಮತ್ತೆ ಶುರುವಾದಾಗಲೆಲ್ಲ ಕೆಲವು ವಿಮೆ ಕ್ಲೇಮುಗಳು ಎರಡೆರಡು ಸಲ ದಾಖಲಾಗುತ್ತಿದ್ದವು. ತನ್ನ ಜವಾಬ್ದಾರಿ ಟೆಸ್ಟಿಂಗ್ ಮಾತ್ರವಾಗಿದ್ದರೂ ಆಕೆ ಮೂರು ವಾರದ ಲಾಗ್‌ಗಳನ್ನು ಹೋಲಿಸಿ, ಹಣ ಪಾವತಿಯಾಗುವ ಮೊದಲೇ 41 ನಕಲಿ ದಾಖಲೆಗಳನ್ನು ಗುರುತಿಸಿ, ಕಾರಣವನ್ನು ಟಿಕೆಟ್‌ನಲ್ಲಿ ಬರೆದರು. ಕೊಚ್ಚಿ ತಂಡ ಆ ಟಿಪ್ಪಣಿಯನ್ನು ಆಧರಿಸಿ ಸರಿಪಡಿಸಿದ ಮೇಲೆ, ಆರು ವಾರಗಳಲ್ಲಿ ಒಂದು ಕ್ಲೇಮೂ ಎರಡು ಸಲ ದಾಖಲಾಗಿಲ್ಲ.’

ತೊಂದರೆ ಏನಿತ್ತು, ಆಕೆ ಏನು ಮಾಡಿದರು, ಆಮೇಲೆ ಏನು ಬದಲಾಯಿತು. ಹೆಚ್ಚು ಹೊತ್ತು ಹಿಡಿದದ್ದು ಎರಡನೆಯ ವಾಕ್ಯ. ನೆನಪಿನಿಂದ ನಾನು 43 ಎಂದು ಬರೆದಿದ್ದೆ. ಟಿಕೆಟ್ ತೆರೆದರೆ, ಅದರಲ್ಲಿ ಎರಡು ಒಬ್ಬನೇ ರೋಗಿಯ ನಿಜವಾದ ಬೇರೆ ಬೇರೆ ಕ್ಲೇಮುಗಳು ಎಂದು ಆಕೆಯೇ ಪಕ್ಕಕ್ಕಿಟ್ಟಿದ್ದರು. ಆಯ್ಕೆದಾರರು ಟಿಕೆಟ್ ನೋಡುತ್ತಾರೆ. ಒಂದು ಅಂಕಿ ತಪ್ಪಿದ್ದರೆ ಉಳಿದ ಎರಡು ವಾಕ್ಯಗಳ ಮೇಲೂ ಅನುಮಾನ ಬರುತ್ತದೆ, ನಷ್ಟ ಆಕೆಗೆ.

ಮೂರನೆಯದರಲ್ಲಿ ‘ಕಂಪನಿಗೆ ಲಕ್ಷಾಂತರ ಉಳಿಸಿದರು’ ಎನ್ನುವ ಆಸೆ ಬಂದಿತ್ತು. ಆ ಲೆಕ್ಕ ಯಾರೂ ಹಾಕಿರಲಿಲ್ಲ. ಕೋಡ್ ತಿದ್ದಿದ್ದು ಕೊಚ್ಚಿಯವರು ಎನ್ನುವುದನ್ನು ಬಿಟ್ಟುಬಿಡು ಎಂದು ಗೆಳೆಯನೊಬ್ಬ ಸಲಹೆ ಕೊಟ್ಟ, ಆಕೆಯ ಪಾಲು ದೊಡ್ಡದಾಗಿ ಕಾಣಲಿ ಅಂತ. ನನಗೆ ಅದು ಒಪ್ಪಿಗೆಯಾಗಲಿಲ್ಲ. ಪಾಲು ಎಲ್ಲಿಗೆ ಮುಗಿಯುತ್ತದೆ ಎಂದು ಹೇಳಿದಾಗಲೇ ಅದು ಎಷ್ಟಿತ್ತು ಎಂದು ಓದುವವನಿಗೆ ತಿಳಿಯುವುದು.

ಈ ಪದ್ಧತಿಗೆ ಒಂದು ಕೊರತೆಯಿದೆ, ಒಪ್ಪುತ್ತೇನೆ. ಹೊಸಬರಿಗೆ ದಿನಾ ಅರ್ಧ ಗಂಟೆ ಹೇಳಿಕೊಡುವವನ ಕೆಲಸಕ್ಕೆ ಟಿಕೆಟ್ ಇರುವುದಿಲ್ಲ. ಅಂಥವರ ಬಗ್ಗೆ ಬರೆಯುವಾಗ ಕಲಿತವರನ್ನೇ ಕೇಳಬೇಕು: ಮೊದಲು ಯಾವ ಕೆಲಸ ಬರುತ್ತಿರಲಿಲ್ಲ, ಈಗ ಯಾವುದನ್ನು ಒಬ್ಬರೇ ಮಾಡುತ್ತೀರಿ? ಅದೂ ಸಂಗತಿಯೇ, ಅಂಕಿ ಇಲ್ಲದಿದ್ದರೂ. ಹಾಗೆ ಕೇಳುವ ತಾಳ್ಮೆ ನಮಗಿಲ್ಲದ್ದರಿಂದಲೇ ಪಕ್ಕದ ಕುರ್ಚಿಯವರ ಹೆಸರು ಮತ್ತೆ ಮತ್ತೆ ಬರುತ್ತದೆ.

ಬೋನಸ್ ಮುಂದಿನ ಸಂಬಳದ ಜೊತೆ, ತೆರಿಗೆ ಕಳೆದು ಬಂತು. ಆಕೆ ಫೋನ್ ಮಾಡಿದಾಗ ಹಣದ ಮಾತೆತ್ತಲಿಲ್ಲ. ‘ಆ ಎರಡನ್ನು ಬಿಟ್ಟು ಎಣಿಸಿದಿರಲ್ಲ’ ಎಂದರು.