ಹೆಚ್ಚು ಕೊಟ್ಟವನಿಗೂ ಗೇಟು ತೆರೆಯುತ್ತದೆ

ವಿಶಾಖಪಟ್ಟಣದಲ್ಲಾಗಲಿ ವಿಜಯವಾಡದಲ್ಲಾಗಲಿ ಮೆಟ್ರೋ ಇನ್ನೂ ಓಡುತ್ತಿಲ್ಲ. ಮೊದಲ ಹಂತದ ಯೋಜನೆಯಲ್ಲಿ ವಿಶಾಖಪಟ್ಟಣಕ್ಕೆ 46.23 ಕಿಲೋಮೀಟರ್, ವಿಜಯವಾಡಕ್ಕೆ ಸುಮಾರು 38 ಕಿಲೋಮೀಟರ್ ಮಾರ್ಗ ಗುರುತಾಗಿದೆ. ಟಿಕೆಟ್ ಯಂತ್ರದ ಬಗ್ಗೆ ಜಗಳ ಆಡಬೇಕಾದ ಕಾಲ ಇದೇ. ಯಂತ್ರ ಬಂದು ಗೋಡೆಗೆ ಒರಗಿ ನಿಂತ ಮೇಲೆ ಅದರ ಪರದೆಯಲ್ಲಿ ಒಂದು ಪದ ಬದಲಿಸಲೂ ಕಡತ ಓಡಾಡಬೇಕಾಗುತ್ತದೆ.

ಕನ್ನಡಿಗರಾದ ನಮಗೆ ಈ ಜಗಳದ ಅನುಭವವಿದೆ. 2017ರಲ್ಲಿ ಬೆಂಗಳೂರಿನ ನಮ್ಮ ಮೆಟ್ರೋದ ಫಲಕಗಳಲ್ಲಿದ್ದ ಹಿಂದಿಯ ವಿರುದ್ಧ ದನಿ ಎದ್ದಿತು, ರಾಜ್ಯ ಸರ್ಕಾರ ಕೇಂದ್ರಕ್ಕೆ ಪತ್ರ ಬರೆಯಿತು, ಫಲಕಗಳಿಂದ ಹಿಂದಿ ಹೋಯಿತು. ಅದು ನ್ಯಾಯವಾದ ಹೋರಾಟ. ಆದರೆ ನಮ್ಮ ಕಣ್ಣು ಫಲಕದ ಮೇಲೇ ನಿಂತುಬಿಟ್ಟಿತು. ಫಲಕ ಒಂದು ಮಾತು ಹೇಳಿ ಸುಮ್ಮನಾಗುತ್ತದೆ. ಟಿಕೆಟ್ ಯಂತ್ರ ಹಾಗಲ್ಲ, ಒಂದರ ಹಿಂದೆ ಒಂದು ಪ್ರಶ್ನೆ ಕೇಳುತ್ತದೆ: ಯಾವ ಭಾಷೆ, ಟಿಕೆಟ್ಟೋ ಕಾರ್ಡ್ ರೀಚಾರ್ಜೋ, ಎಲ್ಲಿಗೆ, ಎಷ್ಟು ಜನ, ಹೇಗೆ ಪಾವತಿ. ಒಂದು ಉತ್ತರ ತಪ್ಪಿದರೂ ನಷ್ಟ ಪ್ರಯಾಣಿಕನದ್ದೇ.

ಆ ನಷ್ಟಕ್ಕೆ ಎರಡು ಮುಖಗಳಿವೆ. ಮೆಟ್ರೋ ದರ ದೂರವನ್ನು ಅವಲಂಬಿಸಿದ್ದು. ಬೆಂಗಳೂರಿನಲ್ಲಿ 2025ರ ಫೆಬ್ರವರಿಯ ಪರಿಷ್ಕರಣೆಯಲ್ಲಿ ಕನಿಷ್ಠ ದರ 10 ರೂಪಾಯಿ, ಗರಿಷ್ಠ 90 ಎಂದಾಯಿತು. ಇಳಿಯುವ ನಿಲ್ದಾಣಕ್ಕಿಂತ ಹತ್ತಿರದ ನಿಲ್ದಾಣಕ್ಕೆ ಟಿಕೆಟ್ ಕೊಂಡು ದರ ಕಡಿಮೆ ಬಿದ್ದಿದ್ದರೆ ಹೊರಹೋಗುವ ಗೇಟು ತೆರೆಯುವುದಿಲ್ಲ. ಕೌಂಟರಿಗೆ ಹೋಗಿ ಬಾಕಿ ಹಣ ಕಟ್ಟಿ ಬರಬೇಕು. ಬೇಕಾದ್ದಕ್ಕಿಂತ ದೂರದ ನಿಲ್ದಾಣಕ್ಕೆ ಕೊಂಡಿದ್ದರೆ ಗೇಟು ಸದ್ದಿಲ್ಲದೆ ತೆರೆಯುತ್ತದೆ. ಇಪ್ಪತ್ತು ರೂಪಾಯಿ ಹೆಚ್ಚು ಹೋಯಿತೆಂದು ಯಾರೂ ಹೇಳುವುದಿಲ್ಲ, ಯಾರೂ ಹಿಂದಿರುಗಿಸುವುದಿಲ್ಲ. ಆದ್ದರಿಂದ ‘ನಮಗೆ ದೂರು ಬಂದಿಲ್ಲ’ ಎನ್ನುವ ಅಧಿಕಾರಿಯ ಮಾತನ್ನು ನಂಬಬಾರದು. ಈ ತಪ್ಪು ದೂರಾಗಿ ಬರುವುದೇ ಇಲ್ಲ. ಅದು ಬರುವುದು ಆದಾಯವಾಗಿ.

ಹಾಗಾದರೆ ತಪ್ಪು ಹುಟ್ಟುವುದೆಲ್ಲಿ? ಮೊದಲನೆಯದು ಭಾಷೆಯ ಬಟನ್‌ನಲ್ಲೇ. ಇಂಗ್ಲಿಷ್ ಅಕ್ಷರಗಳಲ್ಲಿ ‘ತೆಲುಗು’ ಎಂದು ಬರೆದ ಬಟನ್ ಯಾರಿಗಾಗಿ? ಅದನ್ನು ಓದಬಲ್ಲವನಿಗೆ ಅದರ ಅಗತ್ಯ ಕಡಿಮೆ, ಅಗತ್ಯವಿದ್ದವನಿಗೆ ಅದು ಓದಲು ಬರದು. ಬಟನ್ ಮೇಲೆ తెలుగు ಎಂದೇ ಇರಬೇಕು. ಕನ್ನಡದ ಬಟನ್ ಮೇಲೆ ಕನ್ನಡದ ಅಕ್ಷರವೇ ಇರಬೇಕು. ವಿಜಯವಾಡಕ್ಕೆ ಕನಕದುರ್ಗೆಯ ದರ್ಶನಕ್ಕೆ ಹೋಗುವ ನಮ್ಮವರು ತೆಲುಗು ಅಕ್ಷರವನ್ನು ತಲೆಕಟ್ಟಿನ ವ್ಯತ್ಯಾಸ ದಾಟಿ ಅರ್ಧಂಬರ್ಧ ಓದಿಕೊಂಡಾರು. ವಿಶಾಖಪಟ್ಟಣಕ್ಕೆ ಬರುವ ಒಡಿಯಾದವರಿಗೆ ಆ ಅನುಕೂಲವೂ ಇಲ್ಲ.

ಆ ಬಟನ್ ಮೊದಲ ಪರದೆಯಲ್ಲಿ ಮಾತ್ರ ಇದ್ದರೆ ಅದು ಬಾಗಿಲಲ್ಲಿ ನಮಸ್ಕಾರ ಹೇಳಿ ಊಟಕ್ಕೆ ಕರೆಯದ ಮನೆಯಂತೆ. ನಿಲ್ದಾಣಗಳ ಪಟ್ಟಿಯವರೆಗೆ ಅನುವಾದ ಮಾಡಿ, ‘ನೋಟು ಸ್ವೀಕರಿಸಲಾಗಲಿಲ್ಲ’, ‘ಚಿಲ್ಲರೆ ಇಲ್ಲ’, ‘ಪಾವತಿ ವಿಫಲ’ ಎಂಬ ಸೂಚನೆಗಳನ್ನು ಇಂಗ್ಲಿಷಿನಲ್ಲೇ ಬಿಡುವ ಯಂತ್ರಗಳನ್ನು ನಾನು ನೋಡಿದ್ದೇನೆ. ಭಾಷೆ ಅತ್ಯಂತ ಬೇಕಾಗುವುದು ಹಣ ಸಿಕ್ಕಿಹಾಕಿಕೊಂಡ ಆ ಗಳಿಗೆಯಲ್ಲಿ.

ಎರಡನೆಯ ತಪ್ಪು ಹೆಸರಿನದು. ಬೆಂಗಳೂರಿನ ಜನರಿಗೆ ಅದು ಮೆಜೆಸ್ಟಿಕ್. ನಿಲ್ದಾಣದ ಹೆಸರು ಶುರುವಾಗುವುದು ನಾಡಪ್ರಭು ಕೆಂಪೇಗೌಡರಿಂದ. ವಿಧಾನಸೌಧದ ನಿಲ್ದಾಣ ಡಾ. ಬಿ.ಆರ್. ಅಂಬೇಡ್ಕರ್ ಹೆಸರಿನಲ್ಲಿದೆ. ಗೌರವ ಸರಿಯೇ. ಆದರೆ ಅಧಿಕೃತ ಹೆಸರಿನ ಅಕ್ಷರಕ್ರಮದಲ್ಲಿ ಪಟ್ಟಿ ಜೋಡಿಸಿದರೆ ಮೆಜೆಸ್ಟಿಕ್ ಹುಡುಕುವವನು ‘ಮ’ದ ಬಳಿ ನಿಂತು ಸೋಲುತ್ತಾನೆ. ಪೀಣ್ಯ, ಪೀಣ್ಯ ಇಂಡಸ್ಟ್ರಿ ಎಂಬ ಎರಡು ನಿಲ್ದಾಣಗಳಲ್ಲಿ ಮೊದಲು ಕಂಡದ್ದನ್ನು ಒತ್ತುವವನೂ ಅಷ್ಟೇ.

ವಿಶಾಖಪಟ್ಟಣದಲ್ಲಿ ಇದು ಇನ್ನೂ ತೊಡಕಾಗಲಿದೆ. ಅಲ್ಲಿನ ರೈಲು ನಿಲ್ದಾಣಕ್ಕೆ 1987ರವರೆಗೆ ವಾಲ್ತೇರು ಎಂಬ ಹೆಸರಿತ್ತು. ಮೆಟ್ರೋ ಯೋಜನೆಯ ಮೂರನೇ ಮಾರ್ಗ ಚಿನ್ನ ವಾಲ್ತೇರಿಗೆ ಹೋಗುತ್ತದೆ, ಅದು ಬೇರೆಯೇ ಬಡಾವಣೆ. ರೈಲು ಹಿಡಿಯಬೇಕಾದ ಹಿರಿಯರೊಬ್ಬರು ಪಟ್ಟಿಯಲ್ಲಿ ‘ವಾಲ್ತೇರು’ ಕಂಡೊಡನೆ ಅದನ್ನೇ ಒತ್ತಿದರೆ ತಪ್ಪು ಅವರದೆನ್ನಲಾದೀತೇ? ಬಸ್ ನಿಲ್ದಾಣಕ್ಕೆ ದ್ವಾರಕಾ ಎಂಬ ಹೆಸರಿದ್ದರೂ ಊರಿನ ಬಾಯಲ್ಲಿ ಅದು ಆರ್‌ಟಿಸಿ ಕಾಂಪ್ಲೆಕ್ಸ್. ಎರಡೂ ಹೆಸರುಗಳಿಂದ ಹುಡುಕಿದರೆ ಅದೇ ನಿಲ್ದಾಣ ಸಿಗಬೇಕು.

ಇಲ್ಲಿ ಒಂದು ವಾದ ಬರುತ್ತದೆ: ಭಾಷೆಯ ತಂಟೆಯೇ ಬೇಡ, ಚಿತ್ರ ಹಾಕಿ, ಚಿತ್ರ ಎಲ್ಲರಿಗೂ ಅರ್ಥವಾಗುತ್ತದೆ. ಅರ್ಥವಾಗುವುದಿಲ್ಲ. ಮೂರು ಜನರ ಕುಟುಂಬವೊಂದು 30 ರೂಪಾಯಿ ದೂರದ ನಿಲ್ದಾಣಕ್ಕೆ ಹೋಗಬೇಕೆಂದುಕೊಳ್ಳಿ. ಕೊಡಬೇಕಾದದ್ದು 90. ಹೋಗಿಬರುವ ಟಿಕೆಟ್ ಕೊಡುವ ಯಂತ್ರದಲ್ಲಿ ಎದುರುಬದುರಾದ ಎರಡು ಬಾಣಗಳ ಚಿತ್ರವಿದೆ. ಅದನ್ನು ‘ನಡುವೆ ರೈಲು ಬದಲಿಸಬೇಕು’ ಎಂದು ಓದಿಕೊಂಡು ಒತ್ತಿದರೆ ಮೊತ್ತ 180 ಆಗುತ್ತದೆ. ಒಬ್ಬ ಮನುಷ್ಯನ ಚಿತ್ರವನ್ನು ‘ವಯಸ್ಕರ ಟಿಕೆಟ್’ ಎಂದು ಓದಿಕೊಂಡು ಮುಂದೆ ಹೋದರೆ ಮೂವರಿಗೆ ಒಂದೇ ಟಿಕೆಟ್ ಬಂದು, ಉಳಿದಿಬ್ಬರು ಗೇಟಿನಾಚೆ ಉಳಿಯುತ್ತಾರೆ. ಚಿತ್ರದ ಕೆಳಗೆ ‘ಹೋಗಿ ಬರಲು’, ‘ಎಷ್ಟು ಜನ?’ ಎಂದು ಎರಡೆರಡು ಪದವಿದ್ದರೆ ಎರಡೂ ತಪ್ಪು ತಪ್ಪುತ್ತವೆ.

ಚಿತ್ರ ಗೆಲ್ಲುವ ಜಾಗ ಬೇರೆ. ಮೆಕ್ಸಿಕೋ ನಗರದ ಮೆಟ್ರೋ 1969ರಲ್ಲಿ ಶುರುವಾದಾಗ ಲ್ಯಾನ್ಸ್ ವೈಮನ್ ಎಂಬ ವಿನ್ಯಾಸಕಾರ ಒಂದೊಂದು ನಿಲ್ದಾಣಕ್ಕೂ ಒಂದೊಂದು ಚಿತ್ರ ಕೊಡುವ ಪದ್ಧತಿ ರೂಪಿಸಿದ. ಚಪುಲ್ತೆಪೆಕ್ ಎಂದರೆ ಮಿಡತೆಯ ಗುಡ್ಡ, ಆ ನಿಲ್ದಾಣದ ಗುರುತೂ ಮಿಡತೆಯೇ. ಓದು ಬಾರದವರೂ ಮಿಡತೆಯನ್ನು ಹುಡುಕಿಕೊಂಡು ಇಳಿಯಬಹುದು. ಅದು ಕೆಲಸ ಮಾಡುವುದು ಚಿತ್ರ ಒಂದು ಜಾಗಕ್ಕೆ ಅಂಟಿಕೊಂಡಿರುವುದರಿಂದ, ಫಲಕದಲ್ಲೂ ನಕ್ಷೆಯಲ್ಲೂ ಅದೇ ಕಾಣುವುದರಿಂದ. ಜಾಗಕ್ಕೆ ಚಿತ್ರ ಸಾಕಾಗಬಹುದು. ಕ್ರಿಯೆಗೆ, ಅದರಲ್ಲೂ ಹಣದ ಕ್ರಿಯೆಗೆ, ಪದ ಬೇಕೇ ಬೇಕು.

‘ಈಗ ಎಲ್ಲರ ಕೈಯಲ್ಲೂ ಫೋನಿದೆ, ಕ್ಯೂಆರ್ ಟಿಕೆಟ್ ಇದೆ, ಯಂತ್ರದ ಮಾತೇಕೆ?’ ಎನ್ನುವವರಿಗೆ ಒಂದೇ ಮಾತು. ಫೋನಿನ ಪರದೆಯಲ್ಲೂ ಇದೇ ಪ್ರಶ್ನೆಗಳು ಬರುತ್ತವೆ. ಯಂತ್ರದ ಮುಂದೆ ನಿಲ್ಲುವವನಂತೂ ಚಾರ್ಜ್ ಮುಗಿದವನು, ನೋಟು ಹಿಡಿದು ಬಂದವನು, ಊರಿಗೆ ಹೊಸಬ. ಅವನಿಗಾಗಿಯೇ ಅಲ್ಲವೇ ಯಂತ್ರ?

ಯಂತ್ರ ಸರಿಯಾಗುವವರೆಗೆ ಕಾಸು ಹಾಕುವ ಮುನ್ನ ನೋಡಬೇಕಾದ್ದು ಮೂರೇ: ಇಳಿಯುವ ನಿಲ್ದಾಣದ ಹೆಸರು, ಜನರ ಸಂಖ್ಯೆ, ಒಟ್ಟು ಮೊತ್ತ. ಮೊತ್ತವನ್ನು ಜನರ ಸಂಖ್ಯೆಯಿಂದ ಭಾಗಿಸಿ, ಬಂದದ್ದು ಗೋಡೆಯ ದರಪಟ್ಟಿಗೆ ಹೊಂದದಿದ್ದರೆ ರದ್ದು ಮಾಡಿ.

ಆದರೆ ಇದು ಪ್ರಯಾಣಿಕನ ಕೆಲಸವಾಗಬಾರದು. ಆಂಧ್ರದ ಮೆಟ್ರೋ ನಿಗಮ ಯಂತ್ರ ಕೊಳ್ಳುವ ಕರಾರಿನಲ್ಲೇ ಬರೆಯಲಿ: ಭಾಷೆಯ ಬಟನ್ ಪ್ರತಿ ಪರದೆಯಲ್ಲೂ ಒಂದೇ ಮೂಲೆಯಲ್ಲಿ, ಅದರದೇ ಲಿಪಿಯಲ್ಲಿ ಇರಬೇಕು. ದೋಷದ ಸೂಚನೆಯೂ ರಸೀದಿಯೂ ಆರಿಸಿದ ಭಾಷೆಯಲ್ಲೇ ಬರಬೇಕು. ಚಿತ್ರದ ಕೆಳಗೆ ಪದವಿರಬೇಕು. ಹಣ ಕೇಳುವ ಮುನ್ನ ಎಲ್ಲಿಗೆ, ಎಷ್ಟು ಜನಕ್ಕೆ, ಎಷ್ಟು ರೂಪಾಯಿ ಎಂದು ದೊಡ್ಡ ಅಕ್ಷರದಲ್ಲಿ ತೋರಿಸಬೇಕು. ಯಂತ್ರವನ್ನು ಒಪ್ಪಿಕೊಳ್ಳುವ ಮುಂಚೆ ವಿಜಯವಾಡದ ಬಸ್ ಸ್ಟ್ಯಾಂಡಿನಿಂದ ಹತ್ತು ಜನ ಅಪರಿಚಿತರನ್ನು ಕರೆದು, ಕೈಗೆ ನೂರರ ನೋಟು ಕೊಟ್ಟು, ಸುಮ್ಮನೆ ಪಕ್ಕದಲ್ಲಿ ನಿಲ್ಲಲಿ. ಎಷ್ಟು ಜನ ಸರಿಯಾದ ಟಿಕೆಟ್ ತಂದರು ಎನ್ನುವುದೇ ಆ ಯಂತ್ರದ ಪರೀಕ್ಷೆ.